ನೀರುಳ್ಳಿ ರಸ: ಕೂದಲಿಗೆ ಎಷ್ಟು, ಸಕ್ಕರೆ ಕಾಯಿಲೆಗೆ ಎಷ್ಟು, ಶೀತಕ್ಕೆ ಎಷ್ಟು

ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಬಳಿ ಹೆದ್ದಾರಿಯ ಬದಿಗೆ ಸಿಹಿ ನೀರುಳ್ಳಿಯ ಗೊಂಚಲುಗಳು ತೂಗಲು ಶುರುವಾದರೆ ನನ್ನ ಔಷಧ ಅಂಗಡಿಗೂ ಅದೇ ಮೂರು ಪ್ರಶ್ನೆಗಳು ಬರಲು ಶುರುವಾಗುತ್ತವೆ. ನೀರುಳ್ಳಿ ರಸ ಹಚ್ಚಿದರೆ ಕೂದಲು ಬರುತ್ತದೆಯೇ? ಹಸಿ ನೀರುಳ್ಳಿ ತಿಂದರೆ ಸಕ್ಕರೆ ಇಳಿಯುತ್ತದೆಯೇ? ಮಗುವಿನ ಶೀತಕ್ಕೆ ಕೊಡಬಹುದೇ? ಒಂದೊಂದಕ್ಕೂ ಉತ್ತರ ಬೇರೆ. ಕೂದಲಿನ ವಿಷಯದಲ್ಲಿ ಒಂದು ನಿರ್ದಿಷ್ಟ ತೊಂದರೆಗೆ ಮಾತ್ರ ಸ್ವಲ್ಪ ಆಧಾರವಿದೆ. ಸಕ್ಕರೆಯ ವಿಷಯದಲ್ಲಿ ಸಣ್ಣದೊಂದು ಸುಳಿವಿದೆ, ಅದರ ಜೊತೆಗೆ ಅಪಾಯವೂ ಇದೆ. ಶೀತಕ್ಕೆ ನಂಬಬಹುದಾದ ಆಧಾರವಿಲ್ಲ. ಆದ್ದರಿಂದ ಕೂದಲಿನ ಬಗ್ಗೆ ಹೆಚ್ಚು ಬರೆಯುತ್ತೇನೆ. ಮನೆಯಲ್ಲಿ ಸರಿಯಾಗಿ ಮಾಡಿ ನೋಡಲು ಏನಾದರೂ ಇರುವುದು ಅಲ್ಲಿಯೇ.

ಕೂದಲು

ಎಲ್ಲರೂ ಆಧಾರವಾಗಿ ತೋರಿಸುವ ಅಧ್ಯಯನ ಬಾಗ್ದಾದಿನದು, 2002ರಲ್ಲಿ ಪ್ರಕಟವಾದದ್ದು. ತಲೆಯಲ್ಲಿ ನಾಣ್ಯದಂತೆ ದುಂಡಗೆ ಕೂದಲು ಹೋದ 38 ಜನರನ್ನು ಅದರಲ್ಲಿ ಹೋಲಿಸಿ ನೋಡಿದರು. 23 ಜನ ದಿನಕ್ಕೆ ಎರಡು ಬಾರಿ ಹಸಿ ನೀರುಳ್ಳಿ ರಸ ಹಚ್ಚಿದರು, 15 ಜನ ನಲ್ಲಿ ನೀರು ಹಚ್ಚಿದರು. ಆರು ವಾರಗಳಲ್ಲಿ ರಸ ಹಚ್ಚಿದ 23 ಜನರಲ್ಲಿ 20 ಜನರಿಗೆ ಆ ಜಾಗದಲ್ಲಿ ಕೂದಲು ಬಂತು. ನೀರು ಹಚ್ಚಿದವರಲ್ಲಿ ಎಂಟು ವಾರಗಳಾದರೂ ಬಂದದ್ದು ಇಬ್ಬರಿಗೆ ಮಾತ್ರ.

ಅಂಕಿ ಚೆನ್ನಾಗಿದೆ. ಆದರೆ ಇದು ಸಣ್ಣ ಅಧ್ಯಯನ, ಮತ್ತು ರಸದ ವಾಸನೆಯಿಂದಲೇ ಯಾರು ಏನು ಹಚ್ಚುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಈ ದುಂಡು ಬೋಳು ಚಿಕ್ಕದಾಗಿದ್ದರೆ ಸುಮಾರು ಅರ್ಧದಷ್ಟು ಜನರಿಗೆ ಒಂದು ವರ್ಷದೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಆದ್ದರಿಂದ ಇದನ್ನು ‘ಪ್ರಯತ್ನಿಸಿ ನೋಡಬಹುದಾದದ್ದು’ ಎನ್ನಬಹುದು, ‘ಸಾಬೀತಾದದ್ದು’ ಎನ್ನಲಾಗದು. ಬಾಚಣಿಗೆಗೆ ಬರುವ ದಿನನಿತ್ಯದ ಕೂದಲಿಗೂ ಈ ಅಧ್ಯಯನಕ್ಕೂ ಯಾವ ಸಂಬಂಧವೂ ಇಲ್ಲ.

1. ಮೊದಲು ನಿಮ್ಮದು ಯಾವ ಬಗೆಯ ಉದುರುವಿಕೆ ಎಂದು ನೋಡಿ

ಬೆಳಕಿಗೆ ಕುಳಿತು ಮನೆಯವರಿಂದ ತಲೆ ನೋಡಿಸಿಕೊಳ್ಳಿ. ನೆತ್ತಿಯಲ್ಲೋ ಹಿಂದಲೆಯಲ್ಲೋ ಗಡ್ಡದಲ್ಲೋ ಒಂದು ದುಂಡನೆಯ ಜಾಗ ಪೂರ್ತಿ ನುಣ್ಣಗಾಗಿದೆಯೇ? ಅಲ್ಲಿ ಹೊಟ್ಟು, ಕೆಂಪು, ಕಡಿತ ಇಲ್ಲವೇ? ಅಂಚಿನಲ್ಲಿ ಮೋಟು ಕೂದಲುಗಳಿದ್ದು, ಅವು ಬುಡದ ಕಡೆ ತೆಳ್ಳಗೆ, ತುದಿಯ ಕಡೆ ದಪ್ಪಗೆ ಕಾಣುತ್ತವೆಯೇ? ಹಾಗಿದ್ದರೆ ಅದು ಬಹುಮಟ್ಟಿಗೆ ಅಲೋಪೇಶಿಯಾ ಏರಿಯೇಟಾ. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಪ್ಪಾಗಿ ದಾಳಿ ಮಾಡುವುದರಿಂದ ಇದು ಬರುತ್ತದೆ. ನಮ್ಮಲ್ಲಿ ‘ಹುಳ ತಿಂದಿದೆ’ ಎನ್ನುತ್ತಾರೆ, ಆದರೆ ಅಲ್ಲಿ ಹುಳ ಯಾವುದೂ ಇರುವುದಿಲ್ಲ. ಬಾಗ್ದಾದಿನವರು ನೋಡಿದ್ದು ಈ ತೊಂದರೆಯನ್ನು.

ಹಣೆಯ ಎರಡು ಬದಿ ಹಿಂದೆ ಸರಿಯುತ್ತಿದ್ದರೆ, ಅಥವಾ ಬೈತಲೆಯ ಗೆರೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅದು ವಂಶದಿಂದ ಬಂದದ್ದು. ಅದಕ್ಕೆ ನೀರುಳ್ಳಿ ರಸದಿಂದ ಪ್ರಯೋಜನವಾದದ್ದಕ್ಕೆ ಆಧಾರವಿಲ್ಲ.

ಇನ್ನೊಂದು ಬಗೆಯೇ ಹೆಚ್ಚು ಜನರನ್ನು ಮೋಸಗೊಳಿಸುವುದು. ಹೆರಿಗೆ, ಡೆಂಗಿ, ಟೈಫಾಯ್ಡ್, ದೊಡ್ಡ ಶಸ್ತ್ರಚಿಕಿತ್ಸೆ ಆಗಿ ಎರಡು ಮೂರು ತಿಂಗಳಿಗೆ ತಲೆಯ ಎಲ್ಲ ಕಡೆಯಿಂದ ಹಿಡಿ ಹಿಡಿಯಾಗಿ ಕೂದಲು ಉದುರುತ್ತದೆ. ಕಾರಣ ಆಗಲೇ ಕಳೆದುಹೋಗಿರುವುದರಿಂದ ಸಾಮಾನ್ಯವಾಗಿ ಆರು ತಿಂಗಳೊಳಗೆ ಇದು ತಾನಾಗಿಯೇ ನಿಲ್ಲುತ್ತದೆ. ಉದುರುವುದು ಜೋರಾಗಿದ್ದಾಗ ರಸ ಹಚ್ಚಲು ಶುರುಮಾಡಿ, ಎರಡು ತಿಂಗಳಲ್ಲಿ ನಿಂತಾಗ ‘ನೀರುಳ್ಳಿಯಿಂದ ನಿಂತಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಏನೂ ಹಚ್ಚದಿದ್ದರೂ ನಿಲ್ಲುತ್ತಿತ್ತು ಎಂಬುದು ಅವರಿಗೆ ಗೊತ್ತಿಲ್ಲ, ಅಷ್ಟೆ. ನಿಲ್ಲದೆ ಆರು ತಿಂಗಳು ದಾಟಿದರೆ ರಕ್ತದ ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ, ಅದಕ್ಕೆ ಏನೂ ಮಾಡಬೇಕಾಗಿಲ್ಲ.

2. ಮಕ್ಕಳ ತಲೆಯಾದರೆ ಇಲ್ಲಿಯೇ ನಿಲ್ಲಿ

ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ದುಂಡನೆ ಜಾಗ ಕಂಡು, ಅಲ್ಲಿ ಬೂದಿಯಂಥ ಹೊಟ್ಟು, ಕಡಿತ, ಬುಡದಲ್ಲೇ ಮುರಿದ ಕೂದಲು ಇದ್ದರೆ ಅದು ಹುಳುಕಡ್ಡಿ. ಇದು ಶಿಲೀಂಧ್ರದ ಸೋಂಕು, ಅಂದರೆ ಬೂಷ್ಟಿನ ಜಾತಿಯದು. ಸೋಂಕು ಕೂದಲಿನ ಬುಡದೊಳಗೆ ಇರುವುದರಿಂದ ಮೇಲೆ ಹಚ್ಚುವ ಮುಲಾಮೂ ಸಾಲದು, ಹಲವು ವಾರ ಮಾತ್ರೆ ಬೇಕಾಗುತ್ತದೆ. ನೀರುಳ್ಳಿ ಹಚ್ಚುತ್ತ ತಿಂಗಳು ಕಳೆದರೆ ಜಾಗ ಊದಿ ಕೀವು ತುಂಬಬಹುದು, ಆಮೇಲೆ ಅಲ್ಲಿ ಕೂದಲು ಬಾರದೆಯೇ ಹೋಗಬಹುದು. ಬಾಚಣಿಗೆ, ಟೋಪಿ, ದಿಂಬಿನಿಂದ ಮನೆಯ ಬೇರೆ ಮಕ್ಕಳಿಗೂ ಹರಡುತ್ತದೆ. ಸಂಶಯವಿದ್ದರೆ ಚರ್ಮದ ವೈದ್ಯರು ಕೂದಲಿನ ಬುಡವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ.

3. ರಸ ತೆಗೆಯುವ ಕ್ರಮ

ಅಲೋಪೇಶಿಯಾ ಏರಿಯೇಟಾ ಎಂದು ಖಚಿತವಾಗಿದ್ದು, ಜಾಗ ಒಂದೋ ಎರಡೋ ಇದ್ದು, ನಿಮಗೆ ಪ್ರಯತ್ನಿಸಬೇಕೆಂದಿದ್ದರೆ ಹೀಗೆ ಮಾಡಿ.

ಮಾರುಕಟ್ಟೆಯ ಖಾರದ ಕೆಂಪು ನೀರುಳ್ಳಿ ಮಧ್ಯಮ ಗಾತ್ರದ್ದು ಒಂದು ಸಾಕು. ಕುಮಟಾದ ಸಿಹಿ ನೀರುಳ್ಳಿಯನ್ನು ಇದಕ್ಕೆ ಹಾಳುಮಾಡಬೇಡಿ. ನೀರುಳ್ಳಿಯನ್ನು ಕೊಯ್ದಾಗ ಅದರ ಜೀವಕೋಶಗಳು ಒಡೆದು, ಬೇರೆ ಬೇರೆಯಾಗಿದ್ದ ಒಂದು ಕಿಣ್ವವೂ ಗಂಧಕದ ಸಂಯುಕ್ತಗಳೂ ಕೂಡುತ್ತವೆ. ಕಣ್ಣುರಿಸುವ ಆವಿ ಆಗ ಹುಟ್ಟುತ್ತದೆ. ಸಿಹಿ ನೀರುಳ್ಳಿಯಲ್ಲಿ ಆ ಸಂಯುಕ್ತಗಳು ಕಡಿಮೆ ಇರುವುದರಿಂದಲೇ ಅದನ್ನು ಗಂಜಿಯ ಜೊತೆ ಕಣ್ಣೀರಿಲ್ಲದೆ ಕಚ್ಚಿ ತಿನ್ನಬಹುದು. ನೀರುಳ್ಳಿ ರಸ ಕೆಲಸ ಮಾಡುವುದಾದರೆ, ಚರ್ಮವನ್ನು ಅದು ಸ್ವಲ್ಪ ಕೆರಳಿಸಿ ರೋಗನಿರೋಧಕ ಶಕ್ತಿಯ ಗಮನವನ್ನು ಕೂದಲ ಬುಡದಿಂದ ಬೇರೆಡೆ ಸೆಳೆಯುತ್ತದೆ ಎಂಬುದು ತಜ್ಞರ ಊಹೆ. ಖಾರವಿಲ್ಲದ ನೀರುಳ್ಳಿ ಆ ಕೆಲಸಕ್ಕೆ ಹೊಂದುವುದಿಲ್ಲ.

ಸಿಪ್ಪೆ ಸುಲಿದು ತುರಿಯಿರಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಹಿಂಡಿ. ಬರುವ ಮೂರು ನಾಲ್ಕು ಚಮಚ ರಸ ಬೇಕಾದಷ್ಟಾಯಿತು. ಬಟ್ಟೆಯಲ್ಲಿ ಸೋಸದಿದ್ದರೆ ತುರಿ ಕೂದಲಿಗೆ ಸಿಕ್ಕಿಕೊಂಡು ವಾಸನೆ ಎರಡು ದಿನವಾದರೂ ಹೋಗದು. ರಸವನ್ನು ಕೂಡಲೇ ಬಳಸಿ, ಫ್ರಿಜ್ಜಿನಲ್ಲಿ ವಾರಕ್ಕಾಗುವಷ್ಟು ಇಡಬೇಡಿ. ಆವಿಯಾಗುವ ಅಂಶವೆಲ್ಲ ಹೋಗಿ ಕಂದು ನೀರು ಉಳಿಯುತ್ತದೆ. ತೆಂಗಿನೆಣ್ಣೆಗೆ ನೀರುಳ್ಳಿ ಹಾಕಿ ಕಾಯಿಸುವವರು ನಮ್ಮ ಕಡೆ ಬಹಳ ಜನ. ಆ ಎಣ್ಣೆ ಘಮ್ಮೆನ್ನುತ್ತದೆ, ಕೂದಲಿಗೆ ಹೊಳಪನ್ನೂ ಕೊಡುತ್ತದೆ, ಆದರೆ ಬಿಸಿಗೆ ಕಿಣ್ವ ಸತ್ತುಹೋಗುತ್ತದೆ. ಅಧ್ಯಯನ ನಡೆದದ್ದು ಹಸಿ ರಸದ ಮೇಲೆ. ಬಾಟಲಿಯಲ್ಲಿ ಬರುವ ‘ಆನಿಯನ್ ಆಯಿಲ್’, ಶಾಂಪೂಗಳಿಗೆ ಆ ಫಲಿತಾಂಶವನ್ನು ಅಂಟಿಸಿ ಮಾರುವುದು ಸರಿಯಲ್ಲ.

4. ಮೊದಲು ಮೊಣಕೈಯ ಒಳಬದಿಗೆ

ನಾಲ್ಕು ಹನಿಗಳನ್ನು ಮೊಣಕೈಯ ಒಳಬದಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಎರಡು ದಿನ ಕಾಯಿರಿ. ಸ್ವಲ್ಪ ಚುರುಚುರು ಎನ್ನುವುದು ಸಹಜ. ಕೆಂಪು ಗಂದೆ, ಗುಳ್ಳೆ, ಸಹಿಸಲಾಗದ ಕಡಿತ ಬಂದರೆ ಈ ದಾರಿ ನಿಮಗಲ್ಲ. ಈ ಎರಡು ದಿನಗಳನ್ನು ಬಹಳ ಜನ ಉಳಿಸಲು ಹೋಗುತ್ತಾರೆ, ಆಮೇಲೆ ನೆತ್ತಿಯೆಲ್ಲ ಕೆಂಪಾಗಿಸಿಕೊಂಡು ಮುಲಾಮು ಕೇಳಿಕೊಂಡು ಬರುತ್ತಾರೆ.

5. ಹಚ್ಚುವುದು ಮತ್ತು ಲೆಕ್ಕ ಇಡುವುದು

ಹತ್ತಿಯಲ್ಲಿ ಅದ್ದಿ, ಬೋಳಾದ ಜಾಗಕ್ಕೂ ಅದರ ಅಂಚಿಗೂ ಮಾತ್ರ ಹಚ್ಚಿ. ಇಡೀ ತಲೆಗೆ ಸುರಿದುಕೊಳ್ಳುವುದರಿಂದ ಲಾಭವಿಲ್ಲ, ಕಣ್ಣಿಗೆ ಇಳಿದರೆ ಕಷ್ಟ. ಮೊದಲ ಮೂರು ದಿನ ದಿನಕ್ಕೆ ಒಂದು ಸಲ, ಹತ್ತು ನಿಮಿಷ. ಚರ್ಮ ತಾಳಿಕೊಂಡರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹದಿನೈದು ಇಪ್ಪತ್ತು ನಿಮಿಷ. ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ರಾತ್ರಿಯಿಡೀ ಮಲಗಬೇಡಿ, ಚರ್ಮ ಸುಟ್ಟಂತಾಗುತ್ತದೆ. ಗಾಯ, ಕೀವು, ಕಜ್ಜಿ ಇದ್ದ ಕಡೆ ಹಚ್ಚಲೇಬೇಡಿ. ರಸ ಕಣ್ಣಿಗೆ ಬಿದ್ದರೆ ತಣ್ಣೀರಿನಲ್ಲಿ ಹಲವು ನಿಮಿಷ ತೊಳೆಯಿರಿ.

ಒಂದು ರೂಪಾಯಿ ನಾಣ್ಯವನ್ನು ಬೋಳಿನ ಪಕ್ಕಕ್ಕೆ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪ್ರತಿ ಭಾನುವಾರ ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ದೂರದಿಂದ ತೆಗೆಯಿರಿ. ಕನ್ನಡಿಯಲ್ಲಿ ದಿನವೂ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಚಿತ್ರಕ್ಕೆ ತಿಳಿಯುತ್ತದೆ. ಮೊದಲು ಬರುವ ಕೂದಲು ರೋಮದಂತೆ ತೆಳುವಾಗಿ, ಕೆಲವೊಮ್ಮೆ ಬೆಳ್ಳಗೆ ಇರುತ್ತದೆ. ಬಣ್ಣ ಆಮೇಲೆ ಬರುತ್ತದೆ, ಹೆದರಬೇಡಿ.

6. ಎಲ್ಲಿ ನಿಲ್ಲಿಸಬೇಕು

ಎಂಟು ವಾರ, ಅದಕ್ಕಿಂತ ಹೆಚ್ಚು ಬೇಡ. ಎಂಟನೆಯ ಭಾನುವಾರದ ಚಿತ್ರ ಮೊದಲಿನಂತೆಯೇ ಇದ್ದರೆ ಚರ್ಮದ ವೈದ್ಯರ ಬಳಿಗೆ ಹೋಗಿ. ನಡುವೆಯೇ ಹೊಸ ಜಾಗಗಳು ಕಂಡರೆ, ಹುಬ್ಬು ರೆಪ್ಪೆಗಳೂ ಉದುರತೊಡಗಿದರೆ, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಕುಳಿಗಳು ಕಂಡರೆ ಎಂಟು ವಾರ ಕಾಯಲೂ ಬೇಡ. ಚಿಕ್ಕ ಜಾಗಕ್ಕೆ ವೈದ್ಯರು ಸ್ಟಿರಾಯ್ಡ್ ಮುಲಾಮನ್ನೋ ಆ ಜಾಗಕ್ಕೇ ಸಣ್ಣ ಚುಚ್ಚುಮದ್ದನ್ನೋ ಕೊಡುತ್ತಾರೆ. ನೀರುಳ್ಳಿಗಿಂತ ಹೆಚ್ಚು ಪರೀಕ್ಷೆಗೊಳಗಾದ ಚಿಕಿತ್ಸೆಗಳು ಅವು. ಖಾಸಗಿ ವೈದ್ಯರ ಖರ್ಚು ಹೊರೆಯಾಗುವವರಿಗೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಸಕ್ಕರೆ ಕಾಯಿಲೆ

ಇಲ್ಲಿ ನನ್ನ ಮೊದಲ ಮಾತು: ಮಾತ್ರೆ ಅಥವಾ ಇನ್ಸುಲಿನ್ ಬಿಟ್ಟು ನೀರುಳ್ಳಿ ರಸ ಹಿಡಿಯಬೇಡಿ. ಹಾಗೆ ಮಾಡಿ ಮೂರು ನಾಲ್ಕು ವಾರಗಳಲ್ಲಿ ಸಕ್ಕರೆ ಏರಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಆಧಾರ ಏನೇನೂ ಇಲ್ಲವೆಂದಲ್ಲ. 2010ರಲ್ಲಿ ಪ್ರಕಟವಾದ ಸುಡಾನಿನ ಅಧ್ಯಯನವೊಂದರಲ್ಲಿ ಸಕ್ಕರೆ ಕಾಯಿಲೆಯವರಿಗೆ 100 ಗ್ರಾಂ ಹಸಿ ಕೆಂಪು ನೀರುಳ್ಳಿ ತಿನ್ನಿಸಿ ನಾಲ್ಕು ಗಂಟೆಯ ನಂತರ ನೋಡಿದರು. ಎರಡನೆಯ ಬಗೆಯ, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಕಾಯಿಲೆ ಇದ್ದವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸುಮಾರು 40 ಅಂಕ ಇಳಿದಿತ್ತು. ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ ಮಾತ್ರೆ ಇಳಿಸಿದ್ದು 81. ಅಂದರೆ ಮಾತ್ರೆಯ ಅರ್ಧದಷ್ಟು, ಅದೂ ಕೆಲವೇ ಜನರಲ್ಲಿ, ಕೆಲವೇ ಗಂಟೆಗಳ ಮಟ್ಟಿಗೆ. ಕಾಯಿಲೆ ಹತೋಟಿಯಲ್ಲಿದೆಯೇ ಎಂದು ಹೇಳುವುದು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ. ನಾಲ್ಕು ಗಂಟೆಗಳ ಲೆಕ್ಕದಿಂದ ಅದು ತಿಳಿಯುವುದಿಲ್ಲ. ‘ನೀರುಳ್ಳಿಯಿಂದ ಸಕ್ಕರೆ ಅರ್ಧಕ್ಕೆ ಇಳಿಯುತ್ತದೆ’ ಎಂದು 2015ರಿಂದ ಓಡಾಡುತ್ತಿರುವ ಸುದ್ದಿಯಂತೂ ಇಲಿಗಳ ಪ್ರಯೋಗದ್ದು. ಅಲ್ಲಿ ಕೊಟ್ಟದ್ದು ನೀರುಳ್ಳಿಯ ಸಾರಸತ್ವ, ಅದೂ ಮೆಟ್‌ಫಾರ್ಮಿನ್ ಮಾತ್ರೆಯ ಜೊತೆಯಲ್ಲಿ.

7. ನಿಮ್ಮ ಮೀಟರಿನಲ್ಲಿ ನೀವೇ ನೋಡುವುದಾದರೆ

ಮನೆಯಲ್ಲಿ ಗ್ಲುಕೋಮೀಟರ್ ಇರುವವರು ‘ನೀರುಳ್ಳಿ ತಿಂದ ಮೇಲೆ 168 ಇದ್ದದ್ದು 150ಕ್ಕೆ ಬಂತು’ ಎಂದು ಖುಷಿಯಿಂದ ಹೇಳುತ್ತಾರೆ. ಈ ಲೆಕ್ಕವನ್ನು ಬಿಡಿಸಿ ನೋಡೋಣ. ಮನೆಯ ಮೀಟರಿಗೆ ಒಪ್ಪಿತವಾದ ತಪ್ಪಿನ ಅಂತರವೇ ನೂರಕ್ಕೆ ಹದಿನೈದು, ಮೇಲೆ ಅಥವಾ ಕೆಳಗೆ. ನಿಜವಾದ ಸಕ್ಕರೆ 160 ಇದ್ದರೆ ಮೀಟರು 136 ತೋರಿಸಿದರೂ 184 ತೋರಿಸಿದರೂ ಕೆಟ್ಟಿದೆ ಎನ್ನುವಂತಿಲ್ಲ. 168 ಮತ್ತು 150 ಎರಡೂ ಆ ಅಂತರದೊಳಗೇ ಇವೆ. ಇಳಿದದ್ದು ನಿಜವೋ ಅಲ್ಲವೋ ಎಂದು ಆ ಎರಡು ಅಂಕಿಗಳಿಂದ ಹೇಳಲು ಬರುವುದಿಲ್ಲ.

ನೋಡಲೇಬೇಕೆಂದಿದ್ದರೆ ಔಷಧಿ, ತಿಂಡಿ, ನಡಿಗೆ ಒಂದನ್ನೂ ಬದಲಿಸದೆ ಆರು ಬೆಳಗ್ಗೆ ನೋಡಬೇಕು. ಮೂರು ದಿನ ಎರಡು ದೋಸೆ, ಚಟ್ನಿ ಮಾತ್ರ. ಮೂರು ದಿನ ಅದೇ ದೋಸೆ, ಅದೇ ಚಟ್ನಿ, ಜೊತೆಗೆ 50 ಗ್ರಾಂ ಹಸಿ ನೀರುಳ್ಳಿ, ಅಂದರೆ ಸುಮಾರು ಅರ್ಧ ಗಡ್ಡೆ. ಒಂದು ದಿನ ಹೀಗೆ, ಮರುದಿನ ಹಾಗೆ. ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ನೋಡಿ, ಎಷ್ಟು ಏರಿತು ಎಂದು ಬರೆದಿಡಿ. ಕೈ ತೊಳೆದು ಒರೆಸಿಯೇ ಬೆರಳು ಚುಚ್ಚಿ. ಬೆರಳಿಗೆ ಬೆಲ್ಲದ ಅಂಟೋ ಹಣ್ಣಿನ ರಸವೋ ಇದ್ದರೆ ಅಂಕಿ ಸುಳ್ಳಾಗುತ್ತದೆ. ನೀರುಳ್ಳಿಯ ಮೂರೂ ದಿನ ಏರಿಕೆ ಕಡಿಮೆ ಇದ್ದು, ಆ ವ್ಯತ್ಯಾಸ ಪ್ರತಿಸಲವೂ ಮೂವತ್ತು ನಲವತ್ತು ಅಂಕ ಇದ್ದರೆ ನಿಮ್ಮ ವೈದ್ಯರಿಗೆ ತೋರಿಸಲು ಒಂದು ವಿಷಯ ಸಿಕ್ಕಿತು. ಹತ್ತು ಹದಿನೈದರ ವ್ಯತ್ಯಾಸಕ್ಕೆ ಅರ್ಥವಿಲ್ಲ.

ತಪ್ಪಾಗುವುದು ಸಾಮಾನ್ಯವಾಗಿ ಮಧ್ಯಾಹ್ನದ ತಟ್ಟೆಯಲ್ಲಿ. ಒಂದು ತಟ್ಟೆ ಹಸಿ ನೀರುಳ್ಳಿ ತಿಂದವರಿಗೆ ಒಂದು ಸೌಟು ಅನ್ನ ಕಡಿಮೆ ಸಾಕಾಗುತ್ತದೆ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಸಕ್ಕರೆಯಾಗಿ ರಕ್ತಕ್ಕೆ ಸೇರುವ ಅಂಶ ಅದು. 100 ಗ್ರಾಂ ನೀರುಳ್ಳಿಯಲ್ಲಿ ಅದು ಸುಮಾರು 9. ಊಟದ ನಂತರದ ಸಕ್ಕರೆ ನಿಜವಾಗಿಯೂ ಇಳಿಯುತ್ತದೆ, ಆದರೆ ಇಳಿಸಿದ್ದು ತಿನ್ನದೆ ಬಿಟ್ಟ ಆ ಒಂದು ಸೌಟು ಅನ್ನ. ನನಗೆ ಕೇಳಿದರೆ ನೀರುಳ್ಳಿಯಿಂದ ಸಕ್ಕರೆ ಕಾಯಿಲೆಯವರಿಗೆ ಆಗುವ ನಂಬಬಹುದಾದ ಉಪಕಾರ ಇದು: ಅನ್ನದ ಜಾಗವನ್ನು ಅದು ಹಿಡಿಯುತ್ತದೆ. ಸಿಹಿ ನೀರುಳ್ಳಿಯನ್ನು ಹೆಚ್ಚಿ, ನಿಂಬೆ ಹಿಂಡಿ, ಊಟದ ಮೊದಲಿಗೇ ತಿನ್ನಿ. ‘ಸಿಹಿ’ ಎಂಬ ಹೆಸರಿಗೆ ಹೆದರುವುದು ಬೇಡ. ಅದರ ಸಿಹಿ ಮುಖ್ಯವಾಗಿ ಖಾರ ಕಡಿಮೆ ಇರುವುದರಿಂದ ನಾಲಿಗೆಗೆ ತಿಳಿಯುವ ಸಿಹಿ.

8. ಯಾರು ಎಚ್ಚರವಾಗಿರಬೇಕು

ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಬೆಳಿಗ್ಗೆ ಔಷಧಿ ತೆಗೆದುಕೊಂಡು, ತಿಂಡಿಯ ಬದಲು ಲೋಟ ನೀರುಳ್ಳಿ ರಸ ಕುಡಿದು ಕುಳಿತರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಕೈ ನಡುಕ, ತಣ್ಣನೆಯ ಬೆವರು, ಎದೆ ಡವಡವ, ಮಾತು ತಡವರಿಸುವುದು ಅದರ ಗುರುತು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಎದೆಯುರಿ, ಹುಳಿತೇಗು ಇರುವವರಿಗೆ ಹಸಿ ನೀರುಳ್ಳಿ ಅದನ್ನು ಹೆಚ್ಚಿಸುತ್ತದೆ. ಹೊಟ್ಟೆ ಉಬ್ಬರ ಇರುವವರಿಗೂ ಹಾಗೆಯೇ. ಬೇಯಿಸಿದ್ದಾದರೆ ಕೆಲವರಿಗೆ ಸುಲಭ.

ಶೀತ

9. ಶೀತಕ್ಕೆ ಹೆಚ್ಚು ಹೇಳುವುದಿಲ್ಲ

ಶೀತ ಬರುವುದು ವೈರಸ್ಸಿನಿಂದ. ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಹೋಗುತ್ತದೆ. ನೀರುಳ್ಳಿ ಅದನ್ನು ಒಂದು ದಿನ ಮುಂಚೆ ಕಳಿಸುತ್ತದೆ ಎನ್ನಲು ಆಧಾರವಿಲ್ಲ. ಹೆಚ್ಚುವಾಗ ಮೂಗು ಸೋರಿ ಹಗುರವಾದಂತೆ ಅನಿಸುವುದು ಆ ಆವಿಯ ಉರಿಯಿಂದ, ಅದು ಸ್ವಲ್ಪ ಹೊತ್ತಿನದು. ಅಂಗಾಲಿಗೆ ಬಿಲ್ಲೆ ಕಟ್ಟಿ ಸಾಕ್ಸ್ ಹಾಕಿ ಮಲಗುವುದರಿಂದಲೂ ಕೋಣೆಯ ಮೂಲೆಯಲ್ಲಿ ಕೊಯ್ದು ಇಡುವುದರಿಂದಲೂ ರೋಗಾಣು ಕಡಿಮೆಯಾಗುವುದಿಲ್ಲ.

ನೀರುಳ್ಳಿ ರಸಕ್ಕೆ ಜೇನು ಬೆರೆಸಿ ಕೊಟ್ಟಾಗ ಮಗುವಿನ ಕೆಮ್ಮು ತಗ್ಗಿದ್ದನ್ನು ಅನೇಕ ತಾಯಂದಿರು ಕಂಡಿರುತ್ತಾರೆ. ಅದು ಜೇನಿನ ಕೆಲಸ. ರಾತ್ರಿ ಕೆಮ್ಮಿಗೆ ಅರ್ಧದಿಂದ ಒಂದು ಚಮಚ ಜೇನು ನೆರವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಿವೆ. ಆದ್ದರಿಂದ ಮಗುವಿಗೆ ನೀರುಳ್ಳಿಯ ಖಾರ ಬೇಡ, ಬರೀ ಜೇನು ಸಾಕು. ಆದರೆ ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೂ ಬೇಡಿ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳ ಬಲವನ್ನೇ ಕುಗ್ಗಿಸುವ ವಿಷ ಉಂಟುಮಾಡಬಲ್ಲವು. ದೊಡ್ಡವರಲ್ಲಿ ಅವು ಬೆಳೆಯುವುದಿಲ್ಲ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಮೂಗು ಸೋರುವುದಿಲ್ಲ, ಸೀನು ಇಲ್ಲ, ಆದರೆ ಒಮ್ಮೆಗೇ ಜೋರು ಜ್ವರ, ತಲೆ ಸಿಡಿಯುವಂಥ ನೋವು, ಸೊಂಟ ಕಾಲು ಹಿಡಿದುಹಾಕಿದಂಥ ನೋವು ಬಂದರೆ ಅದನ್ನು ಶೀತವೆಂದು ಎಣಿಸಿ ಕಷಾಯ, ನೀರುಳ್ಳಿ ಎಂದು ಮನೆಯಲ್ಲಿ ದಿನ ಕಳೆಯಬೇಡಿ. ಡಿಸೆಂಬರಿನಿಂದ ಮೇವರೆಗೆ, ಅದರಲ್ಲೂ ಸೊಪ್ಪಿನ ಬೆಟ್ಟಕ್ಕೆ, ಕಾಡಂಚಿನ ತೋಟಕ್ಕೆ ಹೋಗಿ ಬಂದವರಿಗೆ ಹಾಗಾದರೆ ಅದು ಉಣುಗಿನಿಂದ ಬರುವ ಮಂಗನ ಕಾಯಿಲೆ ಆಗಿರಬಹುದು. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರ ಆಗಿರಬಹುದು. ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಯಾವ ದಿನ ಯಾವ ಬೆಟ್ಟಕ್ಕೆ ಹೋಗಿದ್ದಿರಿ, ಸುತ್ತಮುತ್ತ ಸತ್ತ ಮಂಗ ಕಂಡಿತ್ತೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.